ಹಾಕಿದ ಮೇಲೆ ಮರೆಮಾಡಿದ ಸ್ಟೇಟಸ್ ಮ್ಯಾನೇಜರ್‌ಗೆ ಕಂಡದ್ದು ಹೇಗೆ?

ಪ್ರಶ್ನೆ: ನನಗೆ ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಶುಕ್ರವಾರ ಸಂಜೆ 7 ಗಂಟೆಗೆ ನೇಮಕಾತಿ ಪತ್ರದ ಫೋಟೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದೆ. ಕಾಲು ಗಂಟೆಯ ನಂತರ ಈಗಿನ ಕಚೇರಿಯ ಮ್ಯಾನೇಜರ್ ನೆನಪಾದರು. ಕೂಡಲೇ ಅವರನ್ನೂ ಇಬ್ಬರು ಸಹೋದ್ಯೋಗಿಗಳನ್ನೂ ಸ್ಟೇಟಸ್ ಕಾಣದವರ ಪಟ್ಟಿಗೆ ಸೇರಿಸಿದೆ. ಇರಲಿ ಎಂದು ಮ್ಯಾನೇಜರ್ ಹೆಸರನ್ನು ಮ್ಯೂಟ್ ಕೂಡ ಮಾಡಿದೆ. ಹೇಗೂ 24 ಗಂಟೆಯಲ್ಲಿ ಹೋಗುತ್ತದಲ್ಲ ಎಂದು ಅಳಿಸಲಿಲ್ಲ. ನೋಡಿದವರ ಪಟ್ಟಿಯಲ್ಲಿ ಅವರ ಹೆಸರು ಕೊನೆಯವರೆಗೂ ಬರಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಅವರೇ ಬಂದು "ಹೊಸ ಕೆಲಸಕ್ಕೆ ಅಭಿನಂದನೆ" ಎಂದರು. ನಾನಿನ್ನೂ ರಾಜೀನಾಮೆಯನ್ನೇ ಕೊಟ್ಟಿರಲಿಲ್ಲ. ಇದು ಆ್ಯಪ್‌ನ ದೋಷವೇ? ನಾನು ಮರೆಮಾಡಿದ್ದು ಅವರಿಗೆ ಗೊತ್ತಾಗಿರುತ್ತದೆಯೇ? ಮುಂದೆ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಆ್ಯಪ್ ತಾನು ಮಾಡಬೇಕಾದುದನ್ನೇ ಮಾಡಿದೆ. ಫೋಟೊ ಹೊರಟುಹೋದ ಮೇಲೆ ನೀವು ಕೈಗೊಂಡ ಎರಡು ಕ್ರಮಗಳಲ್ಲಿ ಯಾವುದಕ್ಕೂ ಅದನ್ನು ವಾಪಸು ತರುವ ಶಕ್ತಿ ಇರಲಿಲ್ಲ. ಆ ಶಕ್ತಿ ಇದ್ದದ್ದು ನೀವು ಮಾಡದೆ ಬಿಟ್ಟ ಮೂರನೆಯದಕ್ಕೆ, ಅಂದರೆ ಅಳಿಸುವುದಕ್ಕೆ. ಮೊಬೈಲ್ ಬಳಕೆಯ ತರಬೇತಿಗಳಲ್ಲಿ ನನ್ನ ಮುಂದೆ ಬರುವ ಸ್ಟೇಟಸ್ ಪೇಚಾಟಗಳಲ್ಲಿ ಬಹುಪಾಲು ಇದೇ ಬಗೆಯವು. ಸೆಟ್ಟಿಂಗ್ ಸರಿಯಾಗಿಯೇ ಇರುತ್ತದೆ, ಬದಲಾಯಿಸಿದ ಹೊತ್ತು ತಪ್ಪಿರುತ್ತದೆ.

ಸ್ಟೇಟಸ್‌ನ ಗೋಪ್ಯತೆಯ ಆಯ್ಕೆ ಅನ್ವಯವಾಗುವುದು ಅದನ್ನು ಬದಲಾಯಿಸಿದ ನಂತರ ಹಾಕುವ ಸ್ಟೇಟಸ್‌ಗಳಿಗೆ ಮಾತ್ರ. ಆಗಲೇ ಹಾಕಿದ್ದರ ಮೇಲೆ ಅದಕ್ಕೆ ಯಾವ ಹಿಡಿತವೂ ಇಲ್ಲ. ಕಾರಣ ಹೀಗಿದೆ. ಸ್ಟೇಟಸ್ ಎಂದರೆ ಎಲ್ಲೋ ಒಂದು ಗೋಡೆಯ ಮೇಲೆ ಅಂಟಿಸಿದ ಚಿತ್ರ, ಬಂದವರೆಲ್ಲ ಅಲ್ಲಿ ನೋಡಿ ಹೋಗುತ್ತಾರೆ ಎಂದು ನಾವು ಅಂದುಕೊಂಡಿರುತ್ತೇವೆ. ವಾಟ್ಸ್‌ಆ್ಯಪ್ ಅದನ್ನು ಹಾಗೆ ನಡೆಸುವುದಿಲ್ಲ. ಒಳಗೊಳಗೆ ಸ್ಟೇಟಸ್ ಒಂದು ಗುಂಪು ಸಂದೇಶದಂತೆಯೇ ಸಾಗುತ್ತದೆ. ನೀವು ಹಾಕಿದ ಕ್ಷಣದಲ್ಲಿ ಯಾರೆಲ್ಲ ನೋಡಬಹುದೋ ಅವರೇ ಆ ಗುಂಪಿನ ಸದಸ್ಯರು. ನಿಮ್ಮ ಫೋನು ಫೋಟೊಗೆ ಬೀಗ ಹಾಕಿ, ಅದನ್ನು ತೆರೆಯುವ ಡಿಜಿಟಲ್ ಕೀಲಿಯನ್ನು ಅವರೆಲ್ಲರ ಫೋನುಗಳಿಗೂ ತಲುಪಿಸುತ್ತದೆ. ನೀವು ಯಾರನ್ನಾದರೂ ಪಟ್ಟಿಯಿಂದ ತೆಗೆದರೆ ನಿಮ್ಮ ಫೋನು ಹಳೆಯ ಕೀಲಿಯನ್ನು ಕೈಬಿಟ್ಟು ಹೊಸದನ್ನು ಮಾಡಿಕೊಳ್ಳುತ್ತದೆ, ಆ ವ್ಯಕ್ತಿಗೆ ಹೊಸ ಕೀಲಿಯನ್ನು ಕೊಡುವುದಿಲ್ಲ. ಹಳೆಯ ಕೀಲಿ ಮಾತ್ರ ಅವರ ಬಳಿಯೇ ಉಳಿದಿರುತ್ತದೆ. ಆಮಂತ್ರಣ ಪತ್ರಿಕೆ ಹಂಚಿ ಬಂದ ಮೇಲೆ ಮನೆಯಲ್ಲಿ ಕುಳಿತು ಪಟ್ಟಿಯಲ್ಲಿನ ಹೆಸರಿನ ಮೇಲೆ ಗೆರೆ ಎಳೆದರೆ ಪತ್ರಿಕೆ ವಾಪಸು ಬಂದೀತೇ?

ನಿಮ್ಮ ಶುಕ್ರವಾರವನ್ನು ಈ ಲೆಕ್ಕದಲ್ಲಿ ನೋಡೋಣ. 7 ಗಂಟೆಗೆ ನಿಮ್ಮ ಆಯ್ಕೆ My contacts ಎಂದಿತ್ತು. ನಿಮ್ಮ ಸಂಪರ್ಕಗಳಲ್ಲಿ ಇರುವ, ತಮ್ಮ ಫೋನಿನಲ್ಲಿ ನಿಮ್ಮ ಸಂಖ್ಯೆಯನ್ನೂ ಉಳಿಸಿಕೊಂಡಿರುವ ಎಲ್ಲರಿಗೂ ಫೋಟೊ ಹೊರಟಿತು, ಮ್ಯಾನೇಜರ್‌ಗೂ ಹೊರಟಿತು. 7.15ಕ್ಕೆ ನೀವು ಆಯ್ಕೆಯನ್ನು My contacts except ಎಂದು ಬದಲಾಯಿಸಿ ಮೂವರನ್ನು ಗುರುತು ಮಾಡಿದಿರಿ. 7.20ಕ್ಕೆ ಇನ್ನೊಂದು ಫೋಟೊ ಹಾಕಿದ್ದರೆ ಅದು ಆ ಮೂವರಿಗೂ ಕಾಣುತ್ತಿರಲಿಲ್ಲ. ಆದರೆ 7 ಗಂಟೆಯ ನೇಮಕಾತಿ ಪತ್ರ ಶನಿವಾರ ಸಂಜೆ 7ರವರೆಗೂ ಅವರ ಫೋನಿನಲ್ಲಿ ತೆರೆದೇ ಇತ್ತು. ಎರಡೂ ಒಂದೇ ಸ್ಟೇಟಸ್ ಸಾಲಿನಲ್ಲಿ ಬರುತ್ತವಲ್ಲ, ಒಂದು ಕಂಡು ಇನ್ನೊಂದು ಕಾಣದಿರುವುದು ಹೇಗೆ ಎಂದು ಕೇಳುವವರುಂಟು. ಸಾಲು ಒಂದೇ ಆದರೂ ಪ್ರತಿಯೊಂದು ತುಣುಕಿಗೂ ತನ್ನದೇ ನೋಡುಗರ ಪಟ್ಟಿ, ತನ್ನದೇ 24 ಗಂಟೆಯ ಗಡಿಯಾರ. ಬೆಳಿಗ್ಗೆ ಒಂದು, ಸಂಜೆ ಒಂದು ಹಾಕಿದರೆ ಬೆಳಗಿನದು ಮರುದಿನ ಬೆಳಿಗ್ಗೆಯೇ ಮಾಯವಾಗುತ್ತದೆ, ಸಂಜೆಯದು ಸಂಜೆಯವರೆಗೂ ಇರುತ್ತದೆ.

7.15ಕ್ಕೆ ಮಾಡಬೇಕಿದ್ದ ಕೆಲಸ ಸರಳವಾದದ್ದು. My status ತೆರೆದು ಆ ಫೋಟೊವನ್ನು ಮೊದಲು ಅಳಿಸುವುದು, ನಂತರ ಪಟ್ಟಿ ಸರಿಪಡಿಸುವುದು, ಬೇಕೆನಿಸಿದರೆ ಮತ್ತೆ ಹಾಕುವುದು. ಈ ಕ್ರಮಕ್ಕೆ ಅರ್ಥವಿದೆ. ಗಾಬರಿಯಲ್ಲಿ ಎಲ್ಲರ ಕೈಯೂ ಮೊದಲು ಸೆಟ್ಟಿಂಗ್ ಕಡೆಗೆ ಹೋಗುತ್ತದೆ. ನೂರಾರು ಹೆಸರುಗಳ ನಡುವೆ ಮೂವರನ್ನು ಹುಡುಕಿ ಗುರುತು ಹಾಕುವಷ್ಟರಲ್ಲಿ ಕೆಲವು ನಿಮಿಷಗಳು ಕಳೆಯುತ್ತವೆ, ಅಷ್ಟೂ ಹೊತ್ತು ಫೋಟೊ ಬಯಲಲ್ಲೇ ಇರುತ್ತದೆ. ಅಳಿಸಿದರೆ ಅದು ನಿಮ್ಮ ಫೋನಿನಿಂದ ಮಾತ್ರವಲ್ಲದೆ ನೋಡುಗರ ಸ್ಟೇಟಸ್ ಸಾಲಿನಿಂದಲೂ ಹೋಗುತ್ತದೆ. ಅಷ್ಟರಲ್ಲಿ ನೋಡಿದವರು ನೋಡಿಯಾಯಿತು, ಅದಕ್ಕೆ ಮದ್ದಿಲ್ಲ. ಆದರೆ ಇನ್ನೂ ತೆರೆಯದವರಿಗೆ ಮುಂದೆ ಕಾಣುವುದಿಲ್ಲ. ಕಾಲು ಗಂಟೆಯೊಳಗೆ ಅಳಿಸಿದ್ದರೆ ನಿಮ್ಮ ಮ್ಯಾನೇಜರ್ ನೋಡದೇ ಇರುವ ಸಾಧ್ಯತೆ ಸಾಕಷ್ಟಿತ್ತು ಎಂದು ಧಾರಾಳವಾಗಿ ಹೇಳಬಹುದು. ಸ್ಟೇಟಸ್ ನೋಡುವ ಬಹಳಷ್ಟು ಜನ ದಿನಕ್ಕೊಮ್ಮೆಯೋ ಎರಡು ಸಲವೋ ಬಿಡುವಾದಾಗ ಸಾಲಾಗಿ ನೋಡಿ ಮುಗಿಸುವವರು.

ಮ್ಯೂಟ್ ವಿಚಾರದಲ್ಲಿ ಹೆಚ್ಚು ಹೇಳುವುದೇನೂ ಇಲ್ಲ, ಅದು ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ಮ್ಯಾನೇಜರ್ ಅವರನ್ನು ನೀವು ಮ್ಯೂಟ್ ಮಾಡಿದರೆ ಅವರ ಸ್ಟೇಟಸ್ ನಿಮ್ಮ ಪಟ್ಟಿಯ ತಳಕ್ಕೆ ಸರಿಯುತ್ತದೆ. ನಿಮ್ಮ ಸ್ಟೇಟಸ್ ಅವರಿಗೆ ಎಂದಿನಂತೆ ಕಾಣುತ್ತಲೇ ಇರುತ್ತದೆ. ಈಗ ಅದನ್ನು ತೆಗೆದುಬಿಡಿ, ಇಲ್ಲವಾದರೆ ಅವರು ಹಾಕುವ ಯಾವುದಾದರೂ ಕಚೇರಿ ಸೂಚನೆ ನಿಮ್ಮ ಕಣ್ಣು ತಪ್ಪಿಹೋದೀತು.

ಈಗ ನಿಮ್ಮನ್ನು ನಿಜವಾಗಿ ದಾರಿ ತಪ್ಪಿಸಿದ ಸಂಗತಿಗೆ ಬರೋಣ. ನೋಡಿದವರ ಪಟ್ಟಿಯಲ್ಲಿ ಹೆಸರಿಲ್ಲ, ಆದ್ದರಿಂದ ಅವರು ನೋಡಿಲ್ಲ ಎಂದು ನೀವು ನೆಮ್ಮದಿಯಿಂದ ಇದ್ದಿರಿ. ಪಟ್ಟಿಯಲ್ಲಿ ಹೆಸರು ಇದ್ದರೆ ಆ ಫೋನಿನಲ್ಲಿ ಸ್ಟೇಟಸ್ ತೆರೆದಿದೆ ಎಂದು ನಂಬಬಹುದು. ಹೆಸರು ಇಲ್ಲದಿದ್ದರೆ ಏನನ್ನೂ ತೀರ್ಮಾನಿಸುವಂತಿಲ್ಲ. Settings ಒಳಗಿನ Privacy ವಿಭಾಗದಲ್ಲಿ Read receipts ಎಂಬ ಒಂದು ಗುಂಡಿ ಇದೆ. ಸಂದೇಶ ಓದಿದಾಗ ನೀಲಿ ಗುರುತು ಬೀಳುವುದು ಇದರಿಂದ. ಇದನ್ನು ಆರಿಸಿಟ್ಟವರು ನಿಮ್ಮ ಸ್ಟೇಟಸ್ ನೋಡಿದರೂ ಅವರ ಹೆಸರು ನಿಮ್ಮ ಪಟ್ಟಿಗೆ ಬರುವುದಿಲ್ಲ. ಅದಕ್ಕೆ ಬದಲಾಗಿ ಅವರ ಸ್ಟೇಟಸ್‌ಗಳನ್ನು ಯಾರು ನೋಡಿದರು ಎಂಬುದು ಅವರಿಗೂ ಕಾಣುವುದಿಲ್ಲ. ಹತ್ತಾರು ಜನರನ್ನು ನಿಭಾಯಿಸುವ ಹುದ್ದೆಯಲ್ಲಿರುವವರು ಈ ಗುಂಡಿಯನ್ನು ಆರಿಸಿಡುವುದು ಅಪರೂಪವಲ್ಲ. ಸಂದೇಶ ಓದಿಯೂ ಉತ್ತರಿಸಲಿಲ್ಲ ಎಂಬ ಆಕ್ಷೇಪ ಯಾರಿಗೆ ಬೇಕು?

ನಿಮ್ಮ ಮ್ಯಾನೇಜರ್ ಅದನ್ನು ಆರಿಸಿಟ್ಟಿದ್ದಾರೆಯೇ ಎಂದು ತಿಳಿಯಲು ಅವರೊಂದಿಗಿನ ಖಾಸಗಿ ಚಾಟ್ ತೆರೆಯಿರಿ. ನೀವು ಕಳುಹಿಸಿದ, ಅವರು ಉತ್ತರವನ್ನೂ ಕೊಟ್ಟಿರುವ ಒಂದು ಸಂದೇಶವನ್ನು ಹುಡುಕಿ ಅದರ ಕೆಳಗಿನ ಎರಡು ಗೀಟುಗಳನ್ನು ನೋಡಿ. ಉತ್ತರ ಬಂದಿದ್ದರೂ ಗೀಟುಗಳು ಬೂದು ಬಣ್ಣದಲ್ಲೇ ಇದ್ದರೆ ಅವರ ಕಡೆ ಗುಂಡಿ ಆರಿದೆ ಎಂದು ತಿಳಿಯಬಹುದು. ಕಚೇರಿಯ ಗುಂಪಿನಲ್ಲಿ ನೋಡಬೇಡಿ, ಗುಂಪಿನ ಸಂದೇಶಗಳಿಗೆ ಈ ಗುಂಡಿ ಅನ್ವಯಿಸುವುದಿಲ್ಲ, ಅಲ್ಲಿ ಗೀಟು ನೀಲಿಯಾಗಿಯೇ ಕಾಣುತ್ತದೆ. ನಿಮ್ಮದೇ ಗುಂಡಿ ಆರಿದ್ದರೆ ಯಾರ ಹೆಸರೂ ಬರುತ್ತಿರಲಿಲ್ಲ. ಉಳಿದವರ ಹೆಸರುಗಳು ನಿಮಗೆ ಕಂಡಿವೆ ಎಂಬುದು ನಿಮ್ಮ ಪತ್ರದಿಂದ ತಿಳಿಯುತ್ತದೆ, ಹಾಗಾಗಿ ನಿಮ್ಮ ಕಡೆ ಅದು ಚಾಲೂ ಇದೆ ಎಂದೇ ಇಟ್ಟುಕೊಳ್ಳುತ್ತೇನೆ.

ಅವರ ಗೀಟುಗಳು ನೀಲಿಯಾಗಿದ್ದರೆ ಸುದ್ದಿ ಬೇರೆ ದಾರಿಯಲ್ಲಿ ಹೋಗಿರಬೇಕು. ಎರಡು ದಾರಿಗಳು ಸಾಮಾನ್ಯ. ಒಂದು, ಎರಡನೆಯ ಸಂಖ್ಯೆ. ಕಚೇರಿಯ ಸಿಮ್, ಸ್ವಂತದ ಸಿಮ್ ಎಂದು ಅವರ ಎರಡು ಸಂಖ್ಯೆಗಳು ನಿಮ್ಮಲ್ಲಿದ್ದು, ಎರಡರಲ್ಲೂ ವಾಟ್ಸ್‌ಆ್ಯಪ್ ಇದ್ದರೆ ಆ್ಯಪ್‌ನ ಪಾಲಿಗೆ ಅವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಒಂದನ್ನು ಮರೆಮಾಡಿದರೆ ಇನ್ನೊಂದು ಮರೆಯಾಗುವುದಿಲ್ಲ. ನೋಡಿದವರ ಪಟ್ಟಿಯಲ್ಲಿಯೂ ಆ ಇನ್ನೊಂದು ಹೆಸರೇ ಕಾಣಿಸಿಕೊಳ್ಳುತ್ತದೆ, ನಾವು ಹುಡುಕುತ್ತಿರುವುದು ಬೇರೆಯದಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದು, ನೀವು ಮರೆಮಾಡಲು ನೆನಪಾಗದ ನಾಲ್ಕನೆಯ ಸಹೋದ್ಯೋಗಿ. ಸ್ಟೇಟಸ್‌ನ ಸ್ಕ್ರೀನ್‌ಶಾಟ್ ಯಾರಾದರೂ ತೆಗೆದರೆ ನಿಮಗೆ ಯಾವ ಸೂಚನೆಯೂ ಬರುವುದಿಲ್ಲ. 24 ಗಂಟೆಯ ಗಡುವು ವಾಟ್ಸ್‌ಆ್ಯಪ್‌ನಲ್ಲಿರುವ ಪ್ರತಿಗೆ ಮಾತ್ರ. ಇನ್ನೊಬ್ಬರ ಗ್ಯಾಲರಿಗೆ ಇಳಿದ ಪ್ರತಿಗೆ ಗಡುವಿಲ್ಲ. ಇವುಗಳಲ್ಲಿ ನಿಮ್ಮದು ಯಾವುದು ಎಂದು ಇಲ್ಲಿ ಕುಳಿತು ಹೇಳಲಾರೆ, ಆದರೆ ಮೊದಲು ಗೀಟುಗಳನ್ನು ನೋಡಿ. ನಿಮ್ಮ ವಿವರಣೆಗೆ ತೀರಾ ಸಹಜವಾಗಿ ಹೊಂದುವುದು ಅದೇ.

ನೀವು ಮರೆಮಾಡಿದ್ದು ಅವರಿಗೆ ತಿಳಿದಿರುತ್ತದೆಯೇ ಎಂದು ಕೇಳಿದ್ದೀರಿ. ಆ್ಯಪ್ ಅದನ್ನು ಯಾರಿಗೂ ಹೇಳುವುದಿಲ್ಲ. ಅವರ ಕಡೆಯಿಂದ ಕಾಣುವುದು ನಿಮ್ಮ ಸ್ಟೇಟಸ್ ಇಲ್ಲ ಎಂಬುದಷ್ಟೇ, ಅದು ನೀವು ಏನೂ ಹಾಕದ ದಿನವೂ ಹಾಗೆಯೇ ಇರುತ್ತದೆ. ಇಬ್ಬರಿಗೂ ಬೇಕಾದ ಯಾರೋ "ನಿನ್ನೆಯ ಸ್ಟೇಟಸ್ ನೋಡಿದಿರಾ" ಎಂದು ಕೇಳಿದಾಗ ಮಾತ್ರ ಅನುಮಾನ ಮೂಡಬಹುದು. ನಿಮ್ಮ ವಿಷಯದಲ್ಲಂತೂ ಅವರು ಬಹುಶಃ ಆ ಫೋಟೊವನ್ನು ಎಲ್ಲರಂತೆಯೇ ನೋಡಿದ್ದಾರೆ. ಆದ್ದರಿಂದ ನಿಮ್ಮನ್ನು ಪಟ್ಟಿಯಿಂದ ತೆಗೆಯಲು ಹೊರಟಿದ್ದೆ ಎಂದು ನೀವಾಗಿ ಹೇಳಿ ಸಂಕೋಚಕ್ಕೆ ಸಿಲುಕಬೇಡಿ. ರಾಜೀನಾಮೆಯ ಮಾತನ್ನು ನೇರವಾಗಿ ಆಡಿ, ಸ್ಟೇಟಸ್‌ನ ಮಾತು ಬೇಕಿಲ್ಲ. ಸಿಟ್ಟಿನಲ್ಲಿ ಬ್ಲಾಕ್ ಮಾಡುವ ಯೋಚನೆಯಿದ್ದರೆ ಅದನ್ನೂ ಬಿಡಿ. ಬ್ಲಾಕ್ ಮಾಡಿದರೆ ಸ್ಟೇಟಸ್ ಕಾಣುವುದಿಲ್ಲ, ನಿಜ. ಆದರೆ ಅವರು ಕಳುಹಿಸಿದ ಸಂದೇಶಕ್ಕೆ ಒಂದೇ ಗೀಟು ಬಿದ್ದು ನಿಲ್ಲುತ್ತದೆ, ವಾಟ್ಸ್‌ಆ್ಯಪ್ ಕರೆ ತಲುಪುವುದಿಲ್ಲ. ಇದು ಯಾರಿಗಾದರೂ ಎರಡು ದಿನದಲ್ಲಿ ಅರ್ಥವಾಗುತ್ತದೆ.

ಇನ್ನು ಮುಂದಿನ ದಾರಿ. Settings, ಅದರೊಳಗೆ Privacy, ಅದರೊಳಗೆ Status ಎಂದು ಹೋದರೆ ಮುಖ್ಯವಾಗಿ ಮೂರು ಆಯ್ಕೆಗಳಿವೆ. My contacts ಎಂದರೆ ಎಲ್ಲ ಸಂಪರ್ಕಗಳು. My contacts except ಎಂದರೆ ಗುರುತು ಮಾಡಿದವರನ್ನು ಬಿಟ್ಟು ಉಳಿದವರೆಲ್ಲ. Only share with ಎಂದರೆ ಗುರುತು ಮಾಡಿದವರು ಮಾತ್ರ. ಎರಡನೆಯದೂ ಮೂರನೆಯದೂ ಒಂದನ್ನೊಂದು ತಿರುಗಿಸಿಟ್ಟಂತೆ ಕಾಣುತ್ತವೆ. ವ್ಯತ್ಯಾಸ ಹೊರಬೀಳುವುದು ಹೊಸ ಸಂಖ್ಯೆಯೊಂದು ನಿಮ್ಮ ಫೋನಿಗೆ ಬಂದಾಗ.

ನೀವು ಮ್ಯಾನೇಜರ್ ಸೇರಿ ಮೂವರನ್ನು ಹೊರಗಿಟ್ಟಿದ್ದೀರಿ ಎನ್ನಿ. ಮುಂದಿನ ತಿಂಗಳು ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದರು, ಅವರ ಸಂಖ್ಯೆಯನ್ನು ಉಳಿಸಿಕೊಂಡಿರಿ, ಅವರೂ ನಿಮ್ಮದನ್ನು ಉಳಿಸಿಕೊಂಡರು. ಹೊರಗಿಡುವ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಹಾಗಾಗಿ ಆ ದಿನದಿಂದಲೇ ಅವರು ನಿಮ್ಮ ಸ್ಟೇಟಸ್‌ನ ನೋಡುಗರು. ಇದಕ್ಕಾಗಿ ಯಾರೂ ನಿಮ್ಮ ಒಪ್ಪಿಗೆ ಕೇಳುವುದಿಲ್ಲ. ಹಳೆಯ ಮ್ಯಾನೇಜರ್ ಸಂಖ್ಯೆ ಬದಲಾಯಿಸಿ, ನೀವು ಹೊಸದನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡರೂ ಇದೇ ಕಥೆ. Only share with ಆಯ್ಕೆಯಲ್ಲಿ ಹೀಗಾಗುವುದಿಲ್ಲ, ಹೊಸಬರು ತಾವಾಗಿ ಒಳಬರಲಾರರು. ಮರೆತರೆ ಆಗುವ ನಷ್ಟವೆಂದರೆ ಬೇಕಾದ ಒಬ್ಬ ಗೆಳೆಯ ನೋಡದೇ ಉಳಿಯುತ್ತಾನೆ, ಅಷ್ಟೇ. ಆದ್ದರಿಂದ ದಿನನಿತ್ಯದ ಹಾಡು, ಶುಭಾಶಯ, ಪ್ರವಾಸದ ಚಿತ್ರಗಳಿಗೆ ಹೊರಗಿಡುವ ಪಟ್ಟಿ ಸಾಕು. ಯಾರೋ ಒಬ್ಬರು ನೋಡಿದರೆ ಕೆಲಸಕ್ಕೆ, ಮಾತುಕತೆಗೆ, ಸಂಬಂಧಕ್ಕೆ ಪೆಟ್ಟು ಬೀಳುತ್ತದೆ ಎನ್ನುವಂಥ ಸ್ಟೇಟಸ್‌ಗೆ ಒಳಗಿಡುವ ಪಟ್ಟಿಯೇ ಬೇಕು. ನಿಮ್ಮ ನೇಮಕಾತಿ ಪತ್ರ ಈ ಎರಡನೆಯ ಬಗೆಯದಾಗಿತ್ತು.

ಈ ಎರಡರ ನಡುವೆ ಓಡಾಡುವವರಿಗೆ ಒಂದು ಹಳ್ಳ ಕಾದಿರುತ್ತದೆ. ಒಂದೊಂದು ಸ್ಟೇಟಸ್ ಹಾಕುವಾಗಲೇ ನೋಡುಗರನ್ನು ಆರಿಸುವ ಸೌಲಭ್ಯವನ್ನು ವಾಟ್ಸ್‌ಆ್ಯಪ್ 2023ರಲ್ಲಿ ತಂದಿತು. ಫೋಟೊ ಆರಿಸಿದ ಮೇಲೆ, ಕಳುಹಿಸುವ ಗುಂಡಿ ಒತ್ತುವ ಮೊದಲು, ಪರದೆಯ ಕೆಳಭಾಗದಲ್ಲಿ ಈ ಸ್ಟೇಟಸ್ ಯಾರಿಗೆ ಹೋಗುತ್ತದೆ ಎಂದು ಚಿಕ್ಕದಾಗಿ ಬರೆದಿರುತ್ತದೆ. ಅದನ್ನು ಒತ್ತಿದರೆ ಅಲ್ಲೇ ಬದಲಾಯಿಸಬಹುದು. ಅನುಕೂಲವೇನೋ ಹೌದು. ಆದರೆ ನೀವು ಕೊನೆಯ ಬಾರಿ ಆರಿಸಿದ್ದೇ ಮುಂದಿನ ಸ್ಟೇಟಸ್‌ಗೂ ಉಳಿದುಕೊಳ್ಳುತ್ತದೆ. ಅದು ಆ ಒಂದು ಸಲದ ಆಯ್ಕೆ ಎಂದು ಭಾವಿಸಿದವರು ಎರಡು ರೀತಿಯಲ್ಲಿ ಬೀಳುತ್ತಾರೆ. ಐದು ಜನರಿಗೆ ಮಾತ್ರ ಒಂದು ಫೋಟೊ ಹಾಕಿ, ಮಾರನೆಯ ದಿನ ಅಂಗಡಿಯ ರಜೆಯ ಸೂಚನೆಯನ್ನು ಎಲ್ಲರಿಗೂ ಹಾಕಿದೆ ಎಂದುಕೊಳ್ಳುತ್ತಾರೆ, ಅದೂ ಅದೇ ಐದು ಜನರಿಗೆ ಹೋಗಿರುತ್ತದೆ. "ನನ್ನ ಸ್ಟೇಟಸ್ ಈಗೀಗ ಯಾರೂ ನೋಡುತ್ತಿಲ್ಲ" ಎಂಬ ದೂರು ಹೊತ್ತು ಬರುವವರಿಗೆ ನಾನು ಮೊದಲು ತೋರಿಸುವುದೇ ಈ ಚಿಕ್ಕ ಬರಹವನ್ನು. ಇನ್ನೊಂದು ರೀತಿ ಇದಕ್ಕಿಂತ ಕೆಟ್ಟದ್ದು. ಮಧ್ಯದಲ್ಲೊಮ್ಮೆ ಸಾರ್ವಜನಿಕ ವಿಷಯಕ್ಕೆಂದು My contacts ಆರಿಸಿ, ಅದನ್ನು ಮರೆತು, ಮರುದಿನ ಖಾಸಗಿ ಫೋಟೊವನ್ನು ಎಲ್ಲರಿಗೂ ಕಳುಹಿಸಿಬಿಡುತ್ತಾರೆ. ಪ್ರತಿ ಸಲ ಆ ಬರಹದ ಮೇಲೆ ಕಣ್ಣು ಹಾಯಿಸುವ ಅಭ್ಯಾಸ ಬಿಟ್ಟು ಇದಕ್ಕೆ ಬೇರೆ ಉಪಾಯವಿಲ್ಲ.

ಕೆಲವರು ಸಂಖ್ಯೆಯನ್ನೇ ಫೋನಿನಿಂದ ಅಳಿಸಿಬಿಡಿ ಎಂದು ಸಲಹೆ ಕೊಡುತ್ತಾರೆ. ಇದು ಕೆಲಸ ಮಾಡುತ್ತದೆ, ಏಕೆಂದರೆ ಸ್ಟೇಟಸ್ ಹೋಗುವುದು ನಿಮ್ಮ ಸಂಪರ್ಕ ಪಟ್ಟಿಯಲ್ಲಿರುವವರಿಗೆ. ಆದರೆ ನಾಳೆ ಅದೇ ಮ್ಯಾನೇಜರ್ ಕರೆ ಮಾಡಿದಾಗ ಯಾರೆಂದೇ ತಿಳಿಯುವುದಿಲ್ಲ, ಅನಿವಾರ್ಯವಾಗಿ ಮತ್ತೆ ಉಳಿಸಿಕೊಂಡ ದಿನ ಅವರು ಪುನಃ ನೋಡುಗರಾಗುತ್ತಾರೆ. ದಿನವೂ ಒಡನಾಡುವವರ ವಿಷಯದಲ್ಲಿ ನಾನು ಇದನ್ನು ಸೂಚಿಸುವುದಿಲ್ಲ. ಎಂದೋ ಒಮ್ಮೆ ವ್ಯವಹರಿಸಿ ಮರೆತುಹೋದ ಸಂಖ್ಯೆಗಳಿಗಾದರೆ ಒಳ್ಳೆಯದೇ.

ಸ್ಟೇಟಸ್ ಮರೆಮಾಡಿದರೂ ತೆರೆದೇ ಉಳಿಯುವ ಬಾಗಿಲುಗಳ ಕಡೆಗೂ ಒಮ್ಮೆ ನೋಡಿ. ಸ್ಟೇಟಸ್‌ಗೆ ಹಾಕಿದ ಚಿತ್ರವನ್ನೇ ಪ್ರೊಫೈಲ್ ಫೋಟೊ ಮಾಡಿಕೊಂಡರೆ ಸ್ಟೇಟಸ್‌ನ ಪಟ್ಟಿ ಅದಕ್ಕೆ ಅನ್ವಯಿಸುವುದಿಲ್ಲ. Profile photo ಮತ್ತು About ಇವುಗಳಿಗೆ ಅದೇ Privacy ಪುಟದಲ್ಲಿ ಬೇರೆ ಬೇರೆ ಆಯ್ಕೆಗಳಿವೆ, ಒಂದೊಂದನ್ನೂ ಪ್ರತ್ಯೇಕವಾಗಿ ನೋಡಬೇಕು. ಸ್ಟೇಟಸ್ ಅನ್ನು ಫೇಸ್‌ಬುಕ್ ಸ್ಟೋರಿಗೂ ಹಂಚುವ ಆಯ್ಕೆಯನ್ನು ಚಾಲೂ ಇಟ್ಟಿದ್ದರೆ ಅಲ್ಲಿ ಯಾರು ನೋಡುತ್ತಾರೆ ಎಂಬುದನ್ನು ಫೇಸ್‌ಬುಕ್‌ನ ಸೆಟ್ಟಿಂಗ್ ನಿರ್ಧರಿಸುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹೊರಗಿಟ್ಟ ಮ್ಯಾನೇಜರ್ ಅಲ್ಲಿ ನಿಮ್ಮ ಸ್ನೇಹಿತರ ಬಳಗದಲ್ಲಿದ್ದರೆ ಆರಾಮವಾಗಿ ನೋಡುತ್ತಾರೆ.

ನೇಮಕಾತಿ ಪತ್ರದ ಫೋಟೊ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಅಂಥ ಪತ್ರದಲ್ಲಿ ಸಂಬಳ, ಮನೆಯ ವಿಳಾಸ, ಸೇರುವ ದಿನಾಂಕ ಎಲ್ಲವೂ ಇರುತ್ತವೆ. ಯಾವ ಪಟ್ಟಿಯನ್ನು ಎಷ್ಟೇ ಎಚ್ಚರದಿಂದ ಆರಿಸಿದರೂ ಅದನ್ನು ಸ್ಟೇಟಸ್‌ಗೆ ಹಾಕಬೇಡಿ ಎಂದೇ ನನ್ನ ಸಲಹೆ. ನಾಲ್ಕು ಆಪ್ತರಿಗೆ ತೋರಿಸಬೇಕಿದ್ದರೆ ಅವರವರ ಚಾಟ್‌ಗೆ ಒಮ್ಮೆ ಮಾತ್ರ ತೆರೆಯುವಂಥ ಫೋಟೊ ಆಗಿ ಕಳುಹಿಸಿ. ಅಡಿಬರಹದ ಪಕ್ಕದಲ್ಲಿ 1 ಎಂದು ಬರೆದ ವೃತ್ತವನ್ನು ಒತ್ತಿ ಕಳುಹಿಸಿದರೆ ಅದು ಒಮ್ಮೆ ನೋಡಿದ ಮೇಲೆ ಮುಚ್ಚಿಹೋಗುತ್ತದೆ, ಅದರ ಸ್ಕ್ರೀನ್‌ಶಾಟ್ ತೆಗೆಯುವುದನ್ನೂ ಆ್ಯಪ್ ತಡೆಯುತ್ತದೆ. ಬೇರೊಂದು ಫೋನಿನ ಕ್ಯಾಮೆರಾ ಹಿಡಿದು ತೆಗೆದರೆ ತಡೆಯುವವರಿಲ್ಲ, ಆದರೂ ಸ್ಟೇಟಸ್‌ಗಿಂತ ಇದು ಎಷ್ಟೋ ಬಿಗಿ.

ಹೊಸ ಪಟ್ಟಿ ಸಿದ್ಧವಾದ ಮೇಲೆ ಅದನ್ನು ಪರೀಕ್ಷಿಸದೆ ನಂಬಬೇಡಿ. ನನ್ನ ಸ್ಟೇಟಸ್ ಇಂಥವರಿಗೆ ಹೇಗೆ ಕಾಣುತ್ತದೆ ಎಂದು ತೋರಿಸುವ ವ್ಯವಸ್ಥೆ ವಾಟ್ಸ್‌ಆ್ಯಪ್‌ನಲ್ಲಿಲ್ಲ, ನಾವೇ ನೋಡಿಕೊಳ್ಳಬೇಕು. ಮನೆಯವರಲ್ಲಿ ಒಬ್ಬರ ಸಂಖ್ಯೆಯನ್ನು ಆ ಮೂವರ ಜೊತೆಗೆ ತಾತ್ಕಾಲಿಕವಾಗಿ ಹೊರಗಿಡಿ. ನಂತರ ಮರದ್ದೋ ಮೋಡದ್ದೋ ಒಂದು ಫೋಟೊ ಹಾಕಿ, ಅವರ ಫೋನನ್ನು ನೀವೇ ಕೈಗೆ ತೆಗೆದುಕೊಂಡು ಸ್ಟೇಟಸ್ ಸಾಲಿನಲ್ಲಿ ಹುಡುಕಿ. ಹಳೆಯ ಸ್ಟೇಟಸ್ ಯಾವುದಾದರೂ 24 ಗಂಟೆ ತುಂಬದೆ ಉಳಿದಿದ್ದರೆ ಅದು ಕಾಣಬಹುದು, ಈ ಫೋಟೊ ಕಾಣಬಾರದು. ಪರೀಕ್ಷೆ ಮುಗಿದ ಮೇಲೆ ಮನೆಯವರ ಹೆಸರಿನ ಗುರುತು ತೆಗೆಯಲು ಮರೆಯಬೇಡಿ, ಇಲ್ಲವಾದರೆ ಮುಂದಿನ ಪ್ರಶ್ನೆ ನನಗೆ ಅವರಿಂದ ಬಂದೀತು.